ನೀರಾನೋ, ಕಳ್ಳೋ? ಕುಡಿಯುವ ಮೊದಲು ತಿಳಿಯುವುದು ಹೇಗೆ

ಒಮ್ಮೆ ಮಂಗಳೂರು ಕಡೆಯಿಂದ ಬರುವಾಗ ಒಂದು ಲೀಟರ್ ತೆಂಗಿನ ನೀರಾ ತಂದಿದ್ದೆ. ಬೆಳಿಗ್ಗೆ ಏಳಕ್ಕೆ ಬಾಟಲಿಗೆ ತುಂಬಿಸಿಕೊಂಡು, ಮುಚ್ಚಳ ಬಿಗಿಯಾಗಿ ಹಾಕಿ, ಸ್ಕೂಟರ್ ಡಿಕ್ಕಿಗೆ ತುರುಕಿದೆ. ಹನ್ನೊಂದು ಗಂಟೆಗೆ ತೆಗೆದು ನೋಡಿದರೆ ಬಾಟಲಿಯ ತಳ ಉಬ್ಬಿ, ನೆಲದ ಮೇಲೆ ನಿಲ್ಲಿಸೋಕೂ ಆಗಲಿಲ್ಲ. ಮುಚ್ಚಳ ಅರ್ಧ ತಿರುಗಿಸಿದ್ದೇ ತಡ, ನೊರೆ ಅಂಗಿಯ ಮೇಲೆಲ್ಲ ಹಾರಿತು. ನೀರಾ ಅಂತ ತಂದಿದ್ದು ದಾರಿಯಲ್ಲೇ ಕಳ್ಳಾಗುತ್ತಾ ಬಂದಿತ್ತು.

ತಪ್ಪು ಬಿಸಿಲಿನದು ಮಾತ್ರ ಅಲ್ಲ. 'ಬೆಳಿಗ್ಗೆ ಇಳಿಸಿದ್ದು, ಫ್ರೆಶ್ ಇದೆ' ಅಂತ ನಾವು ನಂಬುತ್ತೇವಲ್ಲ, ಎಡವುವುದು ಅಲ್ಲೇ. ಬೆಳಿಗ್ಗೆ ಇಳಿಸುವ ಮಡಕೆಯಲ್ಲಿ ಇರುವುದು ಹಿಂದಿನ ಸಂಜೆಯಿಂದ ಹನಿ ಹನಿಯಾಗಿ ಬಿದ್ದ ರಸ. ಮೊದಲು ಬಿದ್ದ ಹನಿಗೆ ಆಗಲೇ ಹನ್ನೆರಡು ಗಂಟೆ ವಯಸ್ಸು. ಹಾಗಾಗಿ ಲೆಕ್ಕ ಹಾಕಬೇಕಾದ್ದು ಮಡಕೆ ಇಳಿದ ಹೊತ್ತಿನಿಂದ ಅಲ್ಲ, ರಸ ಸುರಿಯೋಕೆ ಶುರುವಾದ ಹೊತ್ತಿನಿಂದ.

ಮೊದಲು, ಒಳಗೆ ಏನಾಗುತ್ತದೆ

ಕಳ್ಳು ಇಳಿಸುವ ಮೂರ್ತೆದಾರರು ಬಿರಿಯದ ಹೊಂಬಾಳೆಯನ್ನು ಹಗ್ಗದಿಂದ ಬಿಗಿದು, ಮೆಲ್ಲಗೆ ತಟ್ಟಿ, ತುದಿಯನ್ನು ದಿನಾ ತೆಳುವಾಗಿ ಕೊಯ್ಯುತ್ತಾರೆ. ಹೊರಬರುವ ರಸದಲ್ಲಿ ಸಕ್ಕರೆ ಸುಮಾರು ನೂರಕ್ಕೆ 15ರಷ್ಟು. ಆಲ್ಕೋಹಾಲ್ ಇರುವುದಿಲ್ಲ. ಆದರೆ ಗಾಳಿ, ಹುಳು, ಕತ್ತಿ, ನಿನ್ನೆಯ ಮಡಕೆಯ ಅಂಟು, ಎಲ್ಲದರಿಂದಲೂ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಅದರೊಳಗೆ ಇಳಿಯುತ್ತವೆ. ಬ್ಯಾಕ್ಟೀರಿಯಾ ರಸವನ್ನು ಹುಳಿ ಮಾಡುತ್ತದೆ, ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತದೆ. ನನ್ನ ಬಾಟಲಿ ಉಬ್ಬಿದ್ದು ಆ ಗ್ಯಾಸಿನಿಂದಲೇ.

ಸಣ್ಣ ಲೆಕ್ಕ ನೋಡಿ. ಒಂದು ಲೀಟರಿನಲ್ಲಿ ಸುಮಾರು 150 ಗ್ರಾಂ ಸಕ್ಕರೆ ಇದೆ ಅಂದುಕೊಳ್ಳಿ. ಅದರಲ್ಲಿ ಅರ್ಧ, ಅಂದರೆ 75 ಗ್ರಾಂ ಕರಗುವಷ್ಟರಲ್ಲಿ ಅದರ ಹತ್ತಿರ ಹತ್ತಿರ ಅರ್ಧ ತೂಕದ ಆಲ್ಕೋಹಾಲ್ ಹುಟ್ಟಿರುತ್ತದೆ. ಅಳತೆಯಲ್ಲಿ ನೂರಕ್ಕೆ ನಾಲ್ಕೂವರೆಯಷ್ಟು, ಬಿಯರ್‌ನ ಮಟ್ಟ. ಇನ್ನೂ 75 ಗ್ರಾಂ ಸಕ್ಕರೆ ಉಳಿದಿರುವುದರಿಂದ ನಾಲಿಗೆಗೆ ಸಿಹಿಯೇ ಹತ್ತುತ್ತದೆ. ಸಿಹಿ ಇದೆ, ಹಾಗಾಗಿ ನೀರಾ ಅನ್ನುವ ತರ್ಕ ಇಲ್ಲಿ ನಡೆಯಲ್ಲ. ಇನ್ನೂ ಬಿಟ್ಟರೆ ಮತ್ತೊಂದು ಜಾತಿಯ ಬ್ಯಾಕ್ಟೀರಿಯಾ ಆಲ್ಕೋಹಾಲನ್ನೇ ವಿನಿಗರ್ ಮಾಡಿಬಿಡುತ್ತದೆ.

ಆಮೇಲೆ, ಲೋಟದಲ್ಲಿ ನೋಡಿ

ಗಾಜಿನ ಲೋಟಕ್ಕೆ ಸುರಿದು ಎರಡು ನಿಮಿಷ ಸುಮ್ನೆ ಇಡಿ. ತಳದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಲೇ ಇದ್ದರೆ ಯೀಸ್ಟ್ ಕೆಲಸದಲ್ಲಿದೆ. ಹಾಲು ಬೆರೆಸಿದ ನೀರಿನಂಥ ಬಿಳುಪು, ಹುಳಿ ವಾಸನೆ ಇದ್ದರೆ ಅದು ಕಳ್ಳಿನ ಕಡೆಗೆ ಹೊರಟಿದೆ. ಹುಳಿ ಅಳೆಯುವ ಪಿಎಚ್ ಪಟ್ಟಿ ಸಿಕ್ಕರೆ ಅದ್ದಿ ನೋಡಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ತಾಜಾ ರಸ 7ರ ಆಸುಪಾಸು ತೋರಿಸುತ್ತದೆ, ಕಳ್ಳು 4ರ ಹತ್ತಿರ. ಒಂದು ತೊಡಕಿದೆ: ಹುಳಿಯಾಗದಿರಲಿ ಅಂತ ಮಡಕೆಯೊಳಗೆ ಸುಣ್ಣ ಬಳಿದಿದ್ದರೆ ಪಟ್ಟಿ 7ಕ್ಕಿಂತ ಮೇಲೇ ಹೋಗುತ್ತದೆ. ಸುಣ್ಣ ಹುದುಗನ್ನು ತಡೆಯುತ್ತದೆ ನಿಜ, ಆದರೆ ಜಾಸ್ತಿಯಾದರೆ ನಾಲಿಗೆ ಚುರುಗುಟ್ಟುತ್ತದೆ.

ಸುಣ್ಣದ ಬದಲು ತಂಪು ಒಳ್ಳೆಯದು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೊಂಬಾಳೆಗೇ ಐಸ್ ಪೆಟ್ಟಿಗೆ ಕಟ್ಟುವ ವಿಧಾನ ಮಾಡಿದ್ದಾರೆ. ರಸ ನೇರ ತಂಪಿಗೇ ಬೀಳುತ್ತದೆ. ಹಾಗೆ ಸಿಕ್ಕಿದ್ದು ಬಿಳಿಯಾಗಿರಲ್ಲ, ಜೇನಿನ ಬಣ್ಣ ಇರುತ್ತದೆ, ಅದಕ್ಕೆ 'ಕಲ್ಪರಸ' ಅಂತ ಹೆಸರು. ನೀವು ತರುವುದಾದರೂ ಅಷ್ಟೇ, ಐಸ್ ತುಂಬಿದ ಡಬ್ಬದಲ್ಲಿ ತನ್ನಿ, ಬಾಟಲಿಯಲ್ಲಿ ನಾಲ್ಕು ಬೆರಳು ಜಾಗ ಬಿಡಿ, ಅದೇ ದಿನ ಕುಡಿದು ಮುಗಿಸಿ. ಫ್ರಿಜ್ ಹುದುಗನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಕುಡಿಯುವಾಗ

ಗುಳ್ಳೆ ಏಳುತ್ತಿರುವುದನ್ನು ಮಕ್ಕಳಿಗೆ, ಬಸುರಿಯರಿಗೆ, ನಿದ್ದೆ ಮಾತ್ರೆ ತಗೊಳ್ಳುವವರಿಗೆ ಕೊಡಬೇಡಿ. ಗಾಡಿ ಓಡಿಸುವವರೂ ಮುಟ್ಟಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ತಾಜಾ ನೀರಾ ಕೂಡ ಸಕ್ಕರೆ ನೀರೇ, ಅಲ್ವಾ?

ಬಾವಲಿಯ ಮಾತೂ ಇದೆ. ಬಾಂಗ್ಲಾದೇಶದಲ್ಲಿ ಈಚಲು ಮರದ ಹಸಿ ರಸದಿಂದ ನಿಪಾ ವೈರಸ್ ಜನರಿಗೆ ಹರಡಿದೆ. ರಾತ್ರಿ ಬಾವಲಿ ಬಂದು ಸೋರುವ ಜಾಗವನ್ನೇ ನೆಕ್ಕುತ್ತದೆ, ಮಡಕೆಗೆ ಉಚ್ಚೆ ಹೊಯ್ಯುತ್ತದೆ. ಹುದುಗಿದರೆ ವೈರಸ್ ಸಾಯುತ್ತದೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ. ಮಡಕೆ ಮತ್ತು ಕೊಯ್ದ ಜಾಗ ಎರಡನ್ನೂ ಮುಚ್ಚಿದ್ದರೋ ಅಂತ ಕೇಳಿ. ಕುದಿಸಿದ್ದಾದರೆ ಭಯವಿಲ್ಲ.

ಇನ್ನೊಂದು ಬಗೆಯ ಮೋಸ ರಾಯಚೂರು ಮತ್ತು ತೆಲಂಗಾಣದ ಕಡೆ ಜಾಸ್ತಿ ಕೇಳಿಬರುತ್ತದೆ: ನೀರಿಗೆ ಸಿಹಿಗಾಗಿ ಸ್ಯಾಕರಿನ್, ಜೊತೆಗೆ ನಿದ್ದೆ ಬರಿಸುವ ಕ್ಲೋರಲ್ ಹೈಡ್ರೇಟ್ ಪುಡಿ ಬೆರೆಸಿ ಮಾಡಿದ 'ಕಳ್ಳು'. ಮರದ ಕಳ್ಳು ಸಂಜೆಗೆ ಬೆಳಿಗ್ಗೆಗಿಂತ ಹುಳಿಯಾಗುತ್ತದೆ. ದಿನವಿಡೀ ರುಚಿ ಒಂದೇ ಇದ್ದು, ಒಂದು ಲೋಟಕ್ಕೇ ಕಣ್ಣು ಎಳೆದರೆ ಅನುಮಾನ ಪಡಿ. ಇದಕ್ಕೆ ಒಗ್ಗಿದವರು ಒಮ್ಮೆಲೇ ಬಿಟ್ಟರೆ ಕೈ ನಡುಕ, ಫಿಟ್ಸ್ ಬರುತ್ತದೆ. ಅಂಥವರು ಮನೆಯಲ್ಲೇ ಹಟ ಹಿಡಿದು ಬಿಡಿಸಿಕೊಳ್ಳೋಕೆ ಹೋಗದೆ ಆಸ್ಪತ್ರೆಗೆ ಹೋಗಬೇಕು.

ಅಂದ ಹಾಗೆ, ನನ್ನ ಅಂಗಿಗೆ ಹಾರಿ ಉಳಿದ ಅರ್ಧ ಬಾಟಲಿಯನ್ನು ಚೆಲ್ಲಲಿಲ್ಲ. ಅಕ್ಕಿ ಹಿಟ್ಟಿಗೆ ಬೆರೆಸಿದೆ. ಸನ್ನ ಅನ್ನುವ ಕರಾವಳಿಯ ಇಡ್ಲಿಯಂಥ ತಿಂಡಿ ಉಬ್ಬುವುದು ಇದೇ ಕಳ್ಳಿನಿಂದ.