ಹಣವೇ ವಾಪಸ್ ಬೇಕೆಂದರೆ ಏನು ಮಾಡಬೇಕು?

ಆನ್‌ಲೈನಿನಲ್ಲಿ ಕೊಂಡ ವಸ್ತುವನ್ನು ಹಿಂದಿರುಗಿಸುವಾಗ ಮರುಪಾವತಿ ಎಲ್ಲಿಗೆ ಬರಬೇಕೆಂಬ ಆಯ್ಕೆ ಪರದೆಯ ಮೇಲೆ ಬರುತ್ತದೆ. ಹಣ ಕಟ್ಟಿದ ಕಾರ್ಡಿಗೋ ಖಾತೆಗೋ ಬಂದರೆ ಅದು ನಿಮ್ಮ ಹಣ. ಸ್ಟೋರ್ ಕ್ರೆಡಿಟ್ ಆದರೆ ಅಷ್ಟು ಮೊತ್ತದ ಸರಕು ಕೊಡುವೆನೆಂಬ ಅಂಗಡಿಯ ಮಾತು ಮಾತ್ರ. ಅದಕ್ಕೆ ಅವಧಿ ಇರಬಹುದು, ಬೇರೆಡೆ ಅದು ನಡೆಯದು, ಅಂಗಡಿ ದಿವಾಳಿಯಾದರೆ ಅದರಿಂದ ಹಣ ಬರಬೇಕಾದವರ ಸಾಲಿನ ಕೊನೆಯಲ್ಲಿ ನೀವು ನಿಲ್ಲಬೇಕಾದೀತು. ಕೆಲವು ತಾಣಗಳಲ್ಲಿ ‘ತಕ್ಷಣ ಜಮೆ’ ಎಂಬ ಆಸೆಯೊಡನೆ ಈ ಎರಡನೆಯದಕ್ಕೇ ಗುರುತು ಹಾಕಿಟ್ಟಿರುತ್ತಾರೆ. ಆತುರದಲ್ಲಿ ಅದನ್ನು ಒತ್ತಿದರೆ ನೀವೇ ಒಪ್ಪಿದಂತಾಗುತ್ತದೆ.

ಮೊದಲು ನಿಮ್ಮ ಪಟ್ಟು ಎಷ್ಟು ಗಟ್ಟಿ ಎಂದು ನೋಡಿಕೊಳ್ಳಿ. ವಸ್ತು ಬರಲೇ ಇಲ್ಲ, ಕೆಟ್ಟಿದೆ ಅಥವಾ ಮಾರಾಟಗಾರರೇ ಆರ್ಡರ್ ರದ್ದು ಮಾಡಿದರು ಎಂದಾದರೆ ಹಣ ಕೇಳಲು ಬಲವಾದ ಕಾರಣವಿದೆ. ಬರೀ ಮನಸ್ಸು ಬದಲಾಗಿ ಹಿಂದಿರುಗಿಸುತ್ತಿದ್ದರೆ, ಕೊಳ್ಳುವ ಮೊದಲೇ ‘ಕ್ರೆಡಿಟ್ ಮಾತ್ರ’ ಎಂದು ಸ್ಪಷ್ಟವಾಗಿ ತೋರಿಸಿದ್ದರೋ ಇಲ್ಲವೋ ಎಂಬುದರ ಮೇಲೆ ಹೆಚ್ಚಿನದು ನಿಂತಿರುತ್ತದೆ. ಆದ್ದರಿಂದ ನಿಯಮದ ಪುಟವನ್ನೂ ಆರ್ಡರಿನ ಇಮೇಲನ್ನೂ ಉಳಿಸಿಟ್ಟುಕೊಳ್ಳಿ.

ಬಳಿಕ ಫೋನಿನಲ್ಲಲ್ಲ, ಬರಹದಲ್ಲಿ ಕೇಳಿ. ಕೆಟ್ಟ ಹೆಡ್‌ಫೋನ್ ಒಂದನ್ನು ವಾಪಸ್ ಕಳಿಸಿದವರು ಹೀಗೆ ಬರೆಯಬಹುದು: “ಈ ಆರ್ಡರಿನ ವಸ್ತು ದೋಷಪೂರಿತವಾಗಿತ್ತು, ಅದು ನಿಮಗೆ ತಲುಪಿದೆ. ಸ್ಟೋರ್ ಕ್ರೆಡಿಟ್ಟಿಗೆ ನನ್ನ ಒಪ್ಪಿಗೆ ಇಲ್ಲ. ನಾನು ಪಾವತಿಸಿದ ಕಾರ್ಡಿಗೇ ಪೂರ್ಣ ಮೊತ್ತವನ್ನು ಮರಳಿಸಿ, ಕಳಿಸಿದ ದಿನಾಂಕವನ್ನು ತಿಳಿಸಿ.” ಕೇಳದೆಯೇ ಕ್ರೆಡಿಟ್ ಜಮೆಯಾಗಿದ್ದರೆ ಅದರಲ್ಲಿ ಸ್ವಲ್ಪವನ್ನೂ ಖರ್ಚು ಮಾಡಬೇಡಿ, ಬಳಸಿದ ಮೇಲೆ ನಾನು ಒಪ್ಪಿರಲಿಲ್ಲವೆಂಬ ವಾದ ನಿಲ್ಲುವುದು ಕಷ್ಟ. ಒಂದು ಭಾಗವನ್ನು ಗಿಫ್ಟ್ ಕಾರ್ಡಿನಿಂದ ಕಟ್ಟಿದ್ದರೆ ಆ ಭಾಗ ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತದೆ, ಅದರ ಬಗ್ಗೆ ಜಗಳ ಬೇಡ. ಹಳೆಯ ಕಾರ್ಡಿನ ಅವಧಿ ಮುಗಿದಿದೆ ಎಂಬುದು ಮಾತ್ರ ಕ್ರೆಡಿಟ್ ಕೊಡಲು ಸಾಕಷ್ಟು ಕಾರಣವಲ್ಲ. ಆ ಖಾತೆ ಚಾಲ್ತಿಯಲ್ಲಿದ್ದರೆ ಬ್ಯಾಂಕು ಹಲವು ಬಾರಿ ಮೊತ್ತವನ್ನು ಹೊಸ ಕಾರ್ಡಿಗೆ ಸೇರಿಸುತ್ತದೆ.

‘ಕಳಿಸಿದ್ದೇವೆ’ ಎಂಬ ಉತ್ತರ ಬಂದೂ ಹಣ ಕಾಣದಿದ್ದರೆ, ಕಾರ್ಡ್ ಮರುಪಾವತಿಗೆ ಇರುವ ಎಆರ್‌ಎನ್ ಎಂಬ 23 ಅಂಕಿಗಳ ಗುರುತಿನ ಸಂಖ್ಯೆಯನ್ನು ಕೇಳಿ. ಅದನ್ನು ಹಿಡಿದು ನಿಮ್ಮ ಬ್ಯಾಂಕು ಮೊತ್ತವನ್ನು ಹುಡುಕಬಲ್ಲದು. ಕೊಡಲು ತಡವರಿಸಿದರೆ ಹಣ ಇನ್ನೂ ಹೊರಟೇ ಇಲ್ಲವೆಂದು ಶಂಕಿಸಬಹುದು. ಅಂಗಡಿ ನಿರಾಕರಿಸಿದರೆ ಅಥವಾ ಮೌನವಾಗಿ ಕಾಲ ತಳ್ಳಿದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣವನ್ನು ಬ್ಯಾಂಕಿನ ಮೂಲಕವೇ ಹಿಂಪಡೆಯುವ ಕೋರಿಕೆ ಸಲ್ಲಿಸಿ. ಅದಕ್ಕೆ ಕೊನೆಯ ದಿನವೊಂದು ಇದ್ದೇ ಇರುತ್ತದೆಯಾದ್ದರಿಂದ, ಅಂಗಡಿಯ ‘ನೋಡುತ್ತೇವೆ’ ಎಂಬ ಮಾತಿಗೆ ಕಾಯುತ್ತಾ ಅದನ್ನು ದಾಟಿಸಿಕೊಳ್ಳದೆ, ಆ ದಿನಾಂಕ ಯಾವುದೆಂದು ಬ್ಯಾಂಕಿನಿಂದ ಮೊದಲೇ ತಿಳಿದಿಟ್ಟುಕೊಳ್ಳಿ.