ಅಪ್ಪ ತೀರಿಕೊಂಡ ಮೇಲೆ ಹುಟ್ಟಿದ ಮಗು: ಪಾಲು ಕೈತಪ್ಪದಂತೆ ಪೌತಿ ಖಾತೆ ಮಾಡಿಸುವುದು ಹೇಗೆ?

ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನ್ನ ಮುಂದೆ ಎರಡು ಮೂರು ವರ್ಷಕ್ಕೊಮ್ಮೆಯಾದರೂ ಇಂಥ ಕಡತ ಬಂದು ಕೂರುತ್ತದೆ. ಗಂಡ ಹೋದಾಗ ಹೆಂಡತಿ ಬಸುರಿ. ಹದಿಮೂರನೇ ದಿನದ ಊಟ ಮುಗಿಯುವಷ್ಟರಲ್ಲಿ ಮೈದುನ, ಸತ್ತವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಕಾಗದ ಹಿಡಿದು, ‘ಅತ್ತಿಗೆ, ಪೌತಿ ಖಾತೆಗೆ ಇಲ್ಲೊಂದು ಸಹಿ ಹಾಕಿ’ ಅನ್ನುತ್ತಾನೆ. ಆಕೆ ಹಾಕುತ್ತಾಳೆ. ಐದು ತಿಂಗಳಿಗೆ ಮಗು ಹುಟ್ಟುತ್ತದೆ, ಪಹಣಿಯಲ್ಲಿ ಅದರ ಹೆಸರಿರುವುದಿಲ್ಲ. ಹೆಚ್ಚಿನ ಸಲ ಇದರಲ್ಲಿ ಮೋಸ ಇರುವುದಿಲ್ಲ, ಅವಸರ ಇರುತ್ತದೆ.

ಕಾನೂನಿನಲ್ಲಿ ಗೊಂದಲವಿಲ್ಲ. ಉಯಿಲು ಬರೆಯದೆ ವ್ಯಕ್ತಿ ತೀರಿಕೊಂಡಾಗ ಗರ್ಭದಲ್ಲಿದ್ದ ಮಗು ಆಮೇಲೆ ಜೀವಂತವಾಗಿ ಹುಟ್ಟಿದರೆ, ಸಾವಿಗೆ ಮೊದಲೇ ಹುಟ್ಟಿದ್ದ ಮಗುವಿಗೆ ಎಷ್ಟು ಹಕ್ಕೋ ಅಷ್ಟೇ ಹಕ್ಕು ಅದಕ್ಕೂ ಇದೆ. ಆ ಹಕ್ಕು ಹುಟ್ಟಿದ ದಿನದಿಂದಲ್ಲ, ತಂದೆ ಸತ್ತ ದಿನದಿಂದಲೇ ಲೆಕ್ಕ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಕಲಮು ಹೇಳುವುದು ಇದನ್ನೇ. ಹೊಸ ಮಾತೂ ಅಲ್ಲ. ನಮ್ಮ ಕಲ್ಯಾಣದಲ್ಲಿ ಕೂತು ಮಿತಾಕ್ಷರಾ ಬರೆದ ವಿಜ್ಞಾನೇಶ್ವರನೇ, ಮನೆಯಲ್ಲಿ ವಿಧವೆ ಬಸುರಿಯೆಂದು ತಿಳಿದಿದ್ದರೆ ಹೆರಿಗೆಯಾಗುವವರೆಗೆ ಪಾಲು ಮಾಡಬೇಡಿ ಎಂದಿದ್ದಾನೆ. (ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 27ನೇ ಕಲಮಿನಲ್ಲಿ ಇದೇ ರಕ್ಷಣೆಯಿದೆ. ಇಲ್ಲಿ ನಾನು ಬರೆಯುತ್ತಿರುವುದು ಹಿಂದೂ ಕುಟುಂಬದ ಲೆಕ್ಕ.)

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಂಡ ತಾನೇ ದುಡಿದು ಕೊಂಡ ನಾಲ್ಕು ಎಕರೆ ಬಿಟ್ಟು ಮಾರ್ಚ್ 10ರಂದು ತೀರಿಕೊಂಡ. ಉಯಿಲಿಲ್ಲ. ಮನೆಯಲ್ಲಿ ಹೆಂಡತಿ, ಒಬ್ಬಳು ಮಗಳು, ಅವನ ತಾಯಿ ಇದ್ದಾರೆ. ಹೆಂಡತಿ ನಾಲ್ಕು ತಿಂಗಳ ಬಸುರಿ. ಮಗುವನ್ನು ಬಿಟ್ಟು ಲೆಕ್ಕ ಹಾಕಿದರೆ ಮೂವರಿಗೆ ತಲಾ 1 ಎಕರೆ 13 ಗುಂಟೆ ಚಿಲ್ಲರೆ. ಮಗುವನ್ನು ಸೇರಿಸಿದರೆ ನಾಲ್ವರಿಗೆ ತಲಾ ಒಂದು ಎಕರೆ. ಅವನ ತಂದೆಗೂ ಅಣ್ಣತಮ್ಮಂದಿರಿಗೂ ಇದರಲ್ಲಿ ಪಾಲೇ ಇಲ್ಲ, ಆದರೂ ಕಾಗದ ಹಿಡಿದು ಓಡಾಡುವವರು ಅವರೇ. ಜಮೀನು ಪಿತ್ರಾರ್ಜಿತವಾಗಿದ್ದರೆ ಹಿಸ್ಸೆಯ ಲೆಕ್ಕ ಬೇರೆ, ಅದನ್ನು ವಕೀಲರ ಹತ್ತಿರ ಕೂತೇ ಮಾಡಿಸಿ.

ಹಂತ 1: ಬಸುರಿಗೆ ದಾಖಲೆ. ತಾಯಿ ಕಾರ್ಡ್ ಇನ್ನೂ ಆಗಿಲ್ಲದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ ತಕ್ಷಣ ಮಾಡಿಸಿ. ಎಷ್ಟು ವಾರ ಎಂದು ನಮೂದಾದ ಸ್ಕ್ಯಾನಿಂಗ್ ವರದಿಯನ್ನು ಕಾಪಾಡಿಕೊಳ್ಳಿ. ಅಷ್ಟೇ.

ಹಂತ 2: ವಂಶವೃಕ್ಷ. ಎಡವುವುದು ಇಲ್ಲೇ. ಪೌತಿ ಖಾತೆಗೆ ವಂಶವೃಕ್ಷ ಬೇಕು, ಅದಕ್ಕೊಂದು ಅಫಿಡವಿಟ್ ಬೇಕು. ಟೈಪಿಂಗ್ ಅಂಗಡಿಗಳಲ್ಲಿ ಇದರ ಸಿದ್ಧ ನಮೂನೆ ಇರುತ್ತದೆ, ಹೆಸರು ತುಂಬಿದರೆ ಮುಗಿಯಿತು. ಅದರ ಕೊನೆಯ ಸಾಲು ಹೀಗಿರುತ್ತದೆ: ‘ಮೇಲ್ಕಂಡವರನ್ನು ಬಿಟ್ಟು ಮೃತರಿಗೆ ಬೇರೆ ಯಾವ ವಾರಸುದಾರರೂ ಇರುವುದಿಲ್ಲ.’ ಹೊಟ್ಟೆಯಲ್ಲಿ ಮಗುವಿಟ್ಟುಕೊಂಡ ತಾಯಿಯೇ ಪ್ರಮಾಣ ಮಾಡಿ ಈ ಸಾಲಿಗೆ ಸಹಿ ಹಾಕುತ್ತಾಳೆ. ಮುಂದೆ ಕೋರ್ಟಿನಲ್ಲಿ ಎದುರು ಪಕ್ಷದವರು ಮೊದಲು ಓದುವುದು ಈ ಸಾಲನ್ನೇ. ಇದರಿಂದ ಮಗುವಿನ ಹಕ್ಕು ಸಾಯುವುದಿಲ್ಲ, ಆದರೆ ವರ್ಷಗಟ್ಟಲೆ ಅಲೆದಾಟ ಗ್ಯಾರಂಟಿ. ಆ ನಮೂನೆಯನ್ನು ನಾನಂತೂ ಮುಟ್ಟುವುದಿಲ್ಲ.

ನನ್ನ ಸಲಹೆ ಒಂದೇ: ಹೆರಿಗೆಯಾಗುವವರೆಗೆ ಪೌತಿ ಖಾತೆಗೆ ಕೈ ಹಾಕಬೇಡಿ. ಜಮೀನು ಎಲ್ಲಿಗೂ ಓಡಿಹೋಗುವುದಿಲ್ಲ. ಸಾಲಕ್ಕೋ ಪರಿಹಾರಕ್ಕೋ ವಂಶವೃಕ್ಷ ಈಗಲೇ ಬೇಕೇಬೇಕು ಎನ್ನುವುದಾದರೆ ಆ ಸಾಲನ್ನು ಹೊಡೆದುಹಾಕಿಸಿ, ‘ಮೃತರ ಪತ್ನಿ ಈಗ ಗರ್ಭಿಣಿಯಾಗಿದ್ದು, ಹುಟ್ಟುವ ಮಗುವೂ ವಾರಸುದಾರ’ ಎಂದು ಬರೆಸಿ, ತಾಯಿ ಕಾರ್ಡಿನ ಪ್ರತಿ ಲಗತ್ತಿಸಿ. ಸ್ಥಳ ತನಿಖೆಗೆ ಬರುವ ಗ್ರಾಮ ಆಡಳಿತಾಧಿಕಾರಿಗೆ ಬಾಯಲ್ಲೂ ಹೇಳಿ.

ನಿಮ್ಮನ್ನು ಕೇಳದೆ ಬೇರೆ ಯಾರೋ ಅರ್ಜಿ ಕೊಟ್ಟಿದ್ದರೆ ಖಾತೆ ಬದಲಾವಣೆಯ ಮ್ಯುಟೇಶನ್ ನೋಟಿಸ್ ಹೊರಡುತ್ತದೆ. ಅದರಲ್ಲಿ ಹೇಳಿದ ಗಡುವಿನೊಳಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ತಕರಾರು ಬಿದ್ದ ಮೇಲೆ ಅದು ವಿವಾದಿತ ಪ್ರಕರಣವಾಗುತ್ತದೆ, ವಿಚಾರಣೆಯಿಲ್ಲದೆ ಖಾತೆ ಬದಲಾಗಬಾರದು.

ಇನ್ನೊಂದು ಅಡ್ಡದಾರಿಯೂ ಇದೆ, ಹಕ್ಕು ಬಿಡುಗಡೆ ಪತ್ರ. ‘ನಿಮ್ಮ ಕೂಸಿಗೆ ಆಮೇಲೆ ಏನಾದರೂ ಮಾಡೋಣ’ ಎಂದು ಹೇಳಿ ಬರೆಸಿಕೊಳ್ಳುತ್ತಾರೆ. ತಾಯಿ ಬಿಟ್ಟುಕೊಡಬಹುದಾದದ್ದು ತನ್ನ ಒಂದು ಎಕರೆಯನ್ನು ಮಾತ್ರ. ಹುಟ್ಟದ ಮಗುವಿನ ಎಕರೆಯನ್ನು ಬಿಟ್ಟುಕೊಡಲು ಆಕೆಗೂ ಬರುವುದಿಲ್ಲ.

ಹಂತ 3: ಜನನ ನೋಂದಣಿ. 21 ದಿನದೊಳಗೆ ಮಾಡಿಸಿ. ತಂದೆಯ ಕಾಲಂನಲ್ಲಿ ತೀರಿಕೊಂಡ ತಂದೆಯ ಹೆಸರೇ ಇರಬೇಕು. ‘ಅವರು ಇಲ್ಲವಲ್ಲ’ ಎಂದು ಅಜ್ಜನ ಹೆಸರು ಬರೆಸಿದವರನ್ನು ಕಂಡಿದ್ದೇನೆ. ಪಿತೃತ್ವದ ಪ್ರಶ್ನೆ ಎದ್ದರೆ ಉತ್ತರ ಕಾನೂನಿನಲ್ಲೇ ಇದೆ: ಗಂಡ ಸತ್ತು 280 ದಿನದೊಳಗೆ ಮಗು ಹುಟ್ಟಿ, ಅಲ್ಲಿಯವರೆಗೆ ತಾಯಿ ಮರುಮದುವೆಯಾಗಿರದಿದ್ದರೆ, ಅದು ಆ ಗಂಡನ ಮಗು ಎಂಬುದಕ್ಕೆ ಅದೇ ನಿರ್ಣಾಯಕ ಪುರಾವೆ. ಹಿಂದೆ ಸಾಕ್ಷ್ಯ ಕಾಯ್ದೆಯ 112ನೇ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮಿನಲ್ಲಿದೆ. ನಮ್ಮ ಉದಾಹರಣೆಯಲ್ಲಿ ಗಡುವು ಡಿಸೆಂಬರ್ 15. ಮಗು ಆಗಸ್ಟ್ 28ರಂದು ಹುಟ್ಟಿದರೆ 171ನೇ ದಿನ, ಮಾತೇ ಇಲ್ಲ.

ಹೇಳಲು ಸಂಕಟವಾದರೂ ಹೇಳಬೇಕಾದದ್ದು ಒಂದಿದೆ. ಮಗು ಜೀವಂತ ಹುಟ್ಟಿ ಒಂದು ಗಂಟೆ ಬದುಕಿ ಹೋದರೂ ಆ ಒಂದು ಎಕರೆ ಅದರದ್ದಾಗಿತ್ತು, ಈಗ ಅದು ಮಗುವಿನ ವಾರಸುದಾರರಿಗೆ ಹೋಗುತ್ತದೆ. ಗಂಡು ಮಗುವಾಗಿದ್ದರೆ ಎಕರೆ ಪೂರ್ತಿ ತಾಯಿಗೆ. ಹೆಣ್ಣು ಮಗುವಾಗಿದ್ದರೆ, ತಂದೆಯಿಂದ ಬಂದ ಆಸ್ತಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 15(2) ಕಲಮಿನ ಪ್ರಕಾರ ತಂದೆಯ ವಾರಸುದಾರರಿಗೆ ಮರಳುತ್ತದೆ. ಅಂದರೆ ತಾಯಿ, ಅಕ್ಕ, ಅಜ್ಜಿ ಮೂವರಿಗೂ ಸಮಪಾಲು. ಸತ್ತೇ ಹುಟ್ಟಿದ್ದರೆ ಪಾಲಿನ ಪ್ರಶ್ನೆಯೇ ಇಲ್ಲ. ಆದ್ದರಿಂದ ಹುಟ್ಟಿ ತೀರಿಕೊಂಡ ಮಗುವಿಗೆ ಜನನ, ಮರಣ ಎರಡನ್ನೂ ನೋಂದಾಯಿಸಿ. ಸುಮ್ಮನೆ ಮಣ್ಣು ಮಾಡಿ ಬಂದರೆ ಅದು ಉಸಿರಾಡಿತ್ತು ಎನ್ನುವುದಕ್ಕೆ ಅಜ್ಜಿಯರ ಬಾಯಿಮಾತು ಮಾತ್ರ ಉಳಿಯುತ್ತದೆ.

ಹಂತ 4: ಪೌತಿ ಖಾತೆ. ಈಗ ಹೊಸ ವಂಶವೃಕ್ಷ, ಮರಣ ಮತ್ತು ಜನನ ಪ್ರಮಾಣಪತ್ರದೊಂದಿಗೆ ನಾಡಕಚೇರಿಗೆ ಹೋಗಿ. ಪಹಣಿಯಲ್ಲಿ ನಾಲ್ಕು ಹೆಸರು ಬಂದಿದೆಯೇ, ಮಗುವಿನ ಮುಂದೆ ‘ಮೈನರ್, ಗಾರ್ಡಿಯನ್ ತಾಯಿ’ ಎಂದಿದೆಯೇ ನೋಡಿಕೊಳ್ಳಿ. ಬ್ಯಾಂಕಿನ ಠೇವಣಿಗೂ ಇದೇ ನಾಲ್ಕು ಪಾಲು. ನಾಮಿನಿ ಹಣ ಪಡೆದುಕೊಳ್ಳುವವನು ಮಾತ್ರ, ಒಡೆಯನಲ್ಲ.

ಮಗುವಿನ ಎಕರೆಯನ್ನು ಮಾರಲು ತಾಯಿಗೂ ಕೋರ್ಟಿನ ಅನುಮತಿ ಬೇಕು. ಅನುಮತಿ ಇಲ್ಲದೆ ಮಾರಿದರೆ, ಮಗು ದೊಡ್ಡದಾದ ಮೇಲೆ, ಹದಿನೆಂಟು ತುಂಬಿ ಮೂರು ವರ್ಷದೊಳಗೆ ದಾವೆ ಹಾಕಿ ಆ ಕ್ರಯವನ್ನು ರದ್ದು ಮಾಡಿಸಬಹುದು.

ಮೂರೇ ಹೆಸರಿನಲ್ಲಿ ಖಾತೆ ಆಗಿಹೋಗಿದ್ದರೆ? ಭೂಕಂದಾಯ ಕಾಯ್ದೆಯ 136(2) ಕಲಮಿನಡಿ ಉಪವಿಭಾಗಾಧಿಕಾರಿಗೆ 60 ದಿನದೊಳಗೆ ಮೇಲ್ಮನವಿ ಹಾಕಿ. ತಡವಾಗಿದ್ದರೆ ಕಾರಣ ತೋರಿಸಿ ವಿಳಂಬ ಮನ್ನಾ ಕೇಳಿ. ಅದೂ ಆಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ಇದ್ದೇ ಇದೆ. ಮ್ಯುಟೇಶನ್ ಕಂದಾಯ ಯಾರು ಕಟ್ಟಬೇಕೆಂದು ಹೇಳುವ ದಾಖಲೆ, ಒಡೆತನ ಕೊಡುವ ಪತ್ರವಲ್ಲ. ಆ ಮೂವರು ಸೇರಿ ನಾಲ್ಕೂ ಎಕರೆ ಮಾರಿಬಿಟ್ಟಿದ್ದು, ತಾಯಿ ತನ್ನ ಪರವಾಗಿ ಮಾತ್ರ ಸಹಿ ಹಾಕಿದ್ದರೆ, ಕೊಂಡವನಿಗೆ ದಕ್ಕುವುದು ಮೂರೇ ಎಕರೆ.