ಕೌಂಟರಿನಲ್ಲೇ ಇಎಂಐ: ಫ್ರಿಜ್ ತಂದ ದಿನದ ಕಥೆ

ಯುಗಾದಿಗೆ ಇನ್ನು ಎರಡು ವಾರ ಇತ್ತು, ನಮ್ಮ ಹಳೆ ಫ್ರಿಜ್ ಕೈಕೊಟ್ಟಿತು. ರಿಪೇರಿಗೆ ಬಂದವನು ನೋಡಿ, "ಕಂಪ್ರೆಸರ್ ಹೋಗಿದೆ ಅಕ್ಕ, ಇದಕ್ಕೆ ದುಡ್ಡು ಹಾಕ್ಬೇಡಿ" ಅಂದ. ಅವತ್ತೇ ಸಂಜೆ ಅತ್ತೆಯನ್ನು ಕರೆದುಕೊಂಡು ತುಮಕೂರಿನ ಬಿ.ಎಚ್. ರಸ್ತೆಯ ಒಂದು ಅಂಗಡಿಗೆ ಹೋದೆ. ಅತ್ತೆಗೆ ಹಿಡಿಸಿದ್ದು 36,000 ರೂಪಾಯಿಯ ಫ್ರಿಜ್.

ಅದರ ಬಾಗಿಲ ಮೇಲೆ 'ನೋ ಕಾಸ್ಟ್ ಇಎಂಐ' ಅಂತ ದೊಡ್ಡ ಸ್ಟಿಕ್ಕರ್ ಇತ್ತು. "ತಿಂಗಳಿಗೆ ಆರೇ ಸಾವಿರ ಮೇಡಂ, ಆರು ತಿಂಗಳು. ಒಂದು ರೂಪಾಯಿ ಬಡ್ಡಿ ಇಲ್ಲ" ಅಂದ ಸೇಲ್ಸ್ ಹುಡುಗ. ಇಎಂಐ ಬೇಡ, ಒಂದೇ ಸಲ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದೆ. ಅವನು ಒಳಗೆ ಹೋಗಿ ಬಂದು, "ಸಾವಿರ ಕಮ್ಮಿ ಮಾಡ್ಕೊಡ್ತೀವಿ" ಅಂದ. ಈ ಪ್ರಶ್ನೆಯನ್ನು ಕಾರ್ಡ್ ಹೊರಗೆ ತೆಗೆಯುವ ಮೊದಲೇ ಕೇಳಬೇಕು. ಬಡ್ಡಿ ಇಲ್ಲ ಅನ್ನೋದರ ಮೊದಲ ಖರ್ಚು ಅಲ್ಲೇ ಗೊತ್ತಾಗುತ್ತದೆ.

ಆದರೂ ನಾನು ಇಎಂಐಗೇ ಒಪ್ಪಿದೆ. ಏಪ್ರಿಲ್‌ನಲ್ಲಿ ಮಗಳ ಸ್ಕೂಲ್ ಫೀಸ್ ಕಟ್ಟಬೇಕಿತ್ತು, ಕೈಯಲ್ಲಿದ್ದ ದುಡ್ಡು ಅದಕ್ಕೆ ಅಂತ ಇಟ್ಟಿದ್ದೆ.

ಕೌಂಟರಿನಲ್ಲಿ ಕ್ಯಾಶಿಯರ್ ಹುಡುಗ ಕಾರ್ಡ್ ತೆಗೆದುಕೊಂಡ, 36,000 ಒತ್ತಿದ, ಪಿನ್ ಹಾಕಿ ಅಂತ ಮಷೀನ್ ತಿರುಗಿಸಿದ. ಹಾಕಿದೆ. ಚೀಟಿ ಬಂತು. "ಆಯ್ತು ಅಕ್ಕ" ಅಂದ. ಇಷ್ಟು ಬೇಗ ಆಯ್ತಾ ಅಂತ ಅನುಮಾನ ಬಂದು ಚೀಟಿ ಓದಿದೆ. ಮೇಲೆ `SALE` ಅಂತಿತ್ತು, ಕೆಳಗೆ 36,000. ಅಷ್ಟೇ. ಎಷ್ಟು ತಿಂಗಳು, ಎಷ್ಟು ಬಡ್ಡಿ, ತಿಂಗಳಿಗೆ ಎಷ್ಟು, ಒಂದೂ ಇಲ್ಲ. ಮಾಮೂಲಿ ಸ್ವೈಪ್ ಆಗಿಬಿಟ್ಟಿತ್ತು. ಹಾಗೇ ಮನೆಗೆ ಬಂದಿದ್ದರೆ ಮುಂದಿನ ಬಿಲ್‌ನಲ್ಲಿ ಪೂರ್ತಿ 36,000 ಕಟ್ಟಬೇಕಿತ್ತು.

"ಬ್ಯಾಂಕಿಗೆ ಫೋನ್ ಮಾಡಿದ್ರೆ ಇಎಂಐ ಮಾಡಿಕೊಡ್ತಾರೆ ಬಿಡಿ" ಅಂದ ಹುಡುಗ. ಅದು ಅರ್ಧ ನಿಜ. ಎಷ್ಟೋ ಬ್ಯಾಂಕುಗಳ ಆ್ಯಪ್‌ನಲ್ಲಿ ಆಮೇಲೂ ಕಂತು ಮಾಡಿಕೊಳ್ಳಬಹುದು. ಆದರೆ ಅದಕ್ಕೆ ಬ್ಯಾಂಕಿನ ಬಡ್ಡಿ ಪೂರ್ತಿ ಬೀಳುತ್ತದೆ. ನೋ ಕಾಸ್ಟ್ ರಿಯಾಯಿತಿಯನ್ನು ಕೊಡುವುದು ಫ್ರಿಜ್ ಕಂಪನಿ. ಅದು ಅಂಗಡಿಯ ಮಷೀನಿನಲ್ಲಿ ಇಎಂಐ ಅಂತಲೇ ಸ್ವೈಪ್ ಮಾಡಿದಾಗ ಮಾತ್ರ ಸಿಗುತ್ತದೆ.

ನಾನು `VOID` ಮಾಡಿಸಿದೆ. ಅಂದರೆ ಆ ಸ್ವೈಪ್ ರದ್ದು. ಅಂಗಡಿಯವರು ದಿನದ ಲೆಕ್ಕವನ್ನು ಮಷೀನಿನಿಂದ ಬ್ಯಾಂಕಿಗೆ ಕಳಿಸುವ ಮೊದಲು ಮಾಡಿದರೆ ಇದು ಅಲ್ಲೇ ಮುಗಿಯುವ ಕೆಲಸ. ಲೆಕ್ಕ ಕಳಿಸಿದ ಮೇಲೆ ರೀಫಂಡ್ ದಾರಿ ಹಿಡಿಯಬೇಕು, ಅದಕ್ಕೆ ದಿನಗಟ್ಟಲೆ ಕಾಯಬೇಕು. ರದ್ದಾದ ಚೀಟಿಯನ್ನೂ ಕೇಳಿ ಇಸ್ಕೊಂಡೆ.

ಇಲ್ಲೊಂದು ತೊಡಕು ಬಂತು. ನನ್ನ ಕಾರ್ಡಿನ ಮಿತಿ 60,000. ಮೊದಲ ಸ್ವೈಪ್‌ಗೆ 36,000 ಹೋಗಿತ್ತು. ರದ್ದು ಮಾಡಿದ ತಕ್ಷಣ ಇನ್ನೊಮ್ಮೆ ಸ್ವೈಪ್ ಮಾಡಿದರೆ ಮಿತಿ ಸಾಲದು ಅಂತ ಬಂತು. ಬ್ಯಾಂಕಿನ ಆ್ಯಪ್ ತೆಗೆದು ನೋಡುತ್ತಾ ಕೂತೆವು. ಕಾಲು ಗಂಟೆಯ ಮೇಲೆ ಮಿತಿ ವಾಪಸ್ ಬಂತು. ಅಷ್ಟರಲ್ಲಿ ಅತ್ತೆ ಮಿಕ್ಸಿ ನೋಡಲು ಶುರು ಮಾಡಿದ್ದರು.

ಎರಡನೇ ಸಲ ಮಷೀನಿನ ಪರದೆ ನನ್ನ ಕಡೆ ಇರಲಿ ಅಂದೆ. ಈ ಸಲ ಮೆನುವಿನಲ್ಲಿ `EMI` ಆರಿಸಿದ, ಕಂಪನಿ ಮತ್ತು ಮಾಡೆಲ್ ಆರಿಸಿದ. ಆಮೇಲೆ ಮಷೀನ್ ಸೀರಿಯಲ್ ನಂಬರ್ ಕೇಳಿತು. ಒಂದೇ ಫ್ರಿಜ್ ಮೇಲೆ ಎರಡು ಸಲ ರಿಯಾಯಿತಿ ಹೋಗಬಾರದಲ್ಲ, ಅದಕ್ಕೆ. ನಮಗೆ ಬರುವ ಫ್ರಿಜ್ ಗೋಡೌನಿನಲ್ಲಿತ್ತು, ಶೋರೂಮಿನಲ್ಲಿದ್ದದ್ದು ಬೇರೆ. ಹುಡುಗ ಗೋಡೌನಿಗೆ ಫೋನ್ ಮಾಡಿ, ಡಬ್ಬದ ಮೇಲಿನ ನಂಬರ್ ಓದಿಸಿಕೊಂಡು ಒತ್ತಿದ. ನಂತರ ಕಾರ್ಡ್. 3, 6, 9, 12 ತಿಂಗಳ ಪಟ್ಟಿ ಬಂತು. 6 ಒತ್ತಿದ ಮೇಲೆ ಎಲ್ಲ ವಿವರ ಪರದೆಯ ಮೇಲಿತ್ತು: ಸಾಲ 34,476, ಬಡ್ಡಿ ವರ್ಷಕ್ಕೆ 15%, ಕಂತು 6,000. ಅದನ್ನು ಓದಿಯೇ ಪಿನ್ ಹಾಕಿದೆ. ಈ ಸಲದ ಚೀಟಿ ಗೇಣುದ್ದ ಇತ್ತು.

36,000 ಇದ್ದದ್ದು 34,476 ಯಾಕಾಯಿತು ಅಂದರೆ, ನೋ ಕಾಸ್ಟ್ ಅನ್ನೋದು ನಿಂತಿರುವುದೇ ಆ ವ್ಯತ್ಯಾಸದ ಮೇಲೆ. ಬ್ಯಾಂಕ್ ಬಡ್ಡಿ ಬಿಟ್ಟಿಲ್ಲ. ಆರು ತಿಂಗಳಿಗೆ ಅದರ ಬಡ್ಡಿ 1,524 ರೂಪಾಯಿ. ಅಷ್ಟನ್ನೇ ಕಂಪನಿ ಮೊದಲೇ ಬೆಲೆಯಲ್ಲಿ ಕಡಿಮೆ ಮಾಡಿದೆ. ಸಾಲ ಬಡ್ಡಿ ಎರಡೂ ಸೇರಿದರೆ ಮತ್ತೆ 36,000. ಅಸಲು, ಬಡ್ಡಿ, ರಿಯಾಯಿತಿ ಮೂರನ್ನೂ ಬೇರೆಬೇರೆಯಾಗಿ ಮೊದಲೇ ತೋರಿಸಬೇಕು, ಬಡ್ಡಿ ಇದ್ದರೂ ಇಲ್ಲ ಅಂತ ಮರೆಮಾಚಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಕ್ರೆಡಿಟ್ ಕಾರ್ಡ್ ನಿರ್ದೇಶನದಲ್ಲೇ ಹೇಳಿದೆ. ಕೆಲವು ಆಫರ್‌ಗಳಲ್ಲಿ ರಿಯಾಯಿತಿ ಮೊದಲೇ ಸಿಗುವುದಿಲ್ಲ, ಆಮೇಲೆ ಕ್ಯಾಶ್‌ಬ್ಯಾಕ್ ಆಗಿ ಬರುತ್ತದೆ. ಆಗ ಕಂತು 6,000ಕ್ಕಿಂತ ಜಾಸ್ತಿ ಇರುತ್ತದೆ, ಕ್ಯಾಶ್‌ಬ್ಯಾಕ್ ಬಂತಾ ಅಂತ ನಾವೇ ಕಾಯುತ್ತಾ ಇರಬೇಕು.

ಸ್ಟಿಕ್ಕರ್ ಹೇಳದ ಖರ್ಚು ಇನ್ನೆರಡಿದೆ. ಬಡ್ಡಿಯನ್ನು ಕಂಪನಿ ತುಂಬಿಕೊಟ್ಟರೂ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಮ್ಮದೇ. 1,524ಕ್ಕೆ 274 ರೂಪಾಯಿ. ಜೊತೆಗೆ ನನ್ನ ಬ್ಯಾಂಕಿನ ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ ಸೇರಿ 235. ಒಟ್ಟು 509. ಬಿಟ್ಟುಕೊಟ್ಟ ಸಾವಿರ ಸೇರಿಸಿದರೆ 1,509. ಆರು ತಿಂಗಳ ಬಡ್ಡಿಯೇ 1,524 ಅಲ್ವಾ? ಹದಿನೈದು ರೂಪಾಯಿ ಉಳಿಸಿದ ಹಾಗಾಯ್ತು!

ಮೂರನೇ ದಿನ ಆ್ಯಪ್‌ನಲ್ಲಿ ಪೂರ್ತಿ 34,476 ಖರ್ಚು ಅಂತಲೇ ತೋರಿಸುತ್ತಿತ್ತು. ಗಾಬರಿಯಾಯಿತು. ಆರನೇ ದಿನ ಅಷ್ಟೇ ಮೊತ್ತ ಜಮಾ ಆಗಿ, ಕೆಳಗೆ ಸಾಲದ ಖಾತೆ ಅಂತ ಒಂದು ಸಾಲು ಬಂತು. ಬ್ಯಾಂಕ್ ಅದನ್ನು ಕಂತಿಗೆ ಬದಲಾಯಿಸಿಕೊಳ್ಳಲು ಕೆಲವು ದಿನ ಹಿಡಿಯುತ್ತದೆ. ಬಿಲ್ ತಯಾರಾಗುವ ತಾರೀಖು ಹತ್ತಿರವಿದ್ದೂ ಬದಲಾಗಿಲ್ಲ ಅಂದರೆ ಉದ್ದ ಚೀಟಿ ಕೈಯಲ್ಲಿ ಹಿಡಿದು ಫೋನ್ ಮಾಡಬೇಕು.

ಮೊದಲ ಬಿಲ್ 6,312 ಬಂತು: ಕಂತು, ಫೀ, ಆ ತಿಂಗಳ ಬಡ್ಡಿ 431ರ ಮೇಲಿನ ಜಿಎಸ್‌ಟಿ. ತಿಂಗಳು ಕಳೆದಂತೆ ಬಡ್ಡಿ ಇಳಿಯುತ್ತದೆ, ಕೊನೆಯ ಬಿಲ್ 6,013. ಕಾರ್ಡಿನ ಮಿತಿ ಮಾತ್ರ ಒಂದೇ ಸಲ ವಾಪಸ್ ಬರುವುದಿಲ್ಲ. ಮೊದಲ ಕಂತು ಕಟ್ಟಿದಾಗ ತೆರೆದುಕೊಂಡದ್ದು ಅದರ ಅಸಲು 5,569 ಅಷ್ಟೇ. ಮೇ ತಿಂಗಳಲ್ಲಿ ತಮ್ಮನ ಮದುವೆಯ ಬಟ್ಟೆಗೆ ಅಂತ ಇದೇ ಕಾರ್ಡ್ ಕೊಟ್ಟಾಗ ಮಿತಿ ಸಾಲಲಿಲ್ಲ. ಕೊನೆಗೆ ಫೀಸ್ ಕಟ್ಟಿ ಉಳಿದಿದ್ದ ದುಡ್ಡನ್ನೇ ಎಣಿಸಿ ಕೊಟ್ಟು ಬಂದೆ.